ನೂರು ರೂಪಾಯಿಗೆ ಎಷ್ಟು ಲಿಂಬೆ?

ಬೆಲೆಯ ಏರಿಳಿತ ಎಂದರೇನು ಎಂದು ನಮ್ಮ ಹೊರ್ತಿಯವರಿಗೆ ಯಾರೂ ಪಾಠ ಮಾಡಬೇಕಿಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ನಮ್ಮೂರು ಇಂಡಿ ತಾಲ್ಲೂಕಿನದು. ಇಂಡಿ ಎಂದರೆ ಲಿಂಬೆ. ಬೇಸಿಗೆಯಲ್ಲಿ ಪೇಟೆಯವರು ಹಣ್ಣು ಎಣಿಸಿ ಎಣಿಸಿ ಕೊಡುತ್ತಾರೆ. ಮಳೆಗಾಲದಲ್ಲಿ ಅದೇ ಹಣ್ಣಿನ ಚೀಲಕ್ಕೆ ಕೀಳುವ ಕೂಲಿಯಾದರೂ ಹುಟ್ಟಿತೇ ಎಂದು ರೈತರು ಲೆಕ್ಕ ಹಾಕುತ್ತಾರೆ. ಹೀಗಾಗಿ ಮ್ಯೂಚುವಲ್ ಫಂಡ್‌ನ ಎಸ್‌ಐಪಿ ಹೇಗೆ ಕೆಲಸ ಮಾಡುತ್ತದೆ ಎಂದು ಮನೆಯಲ್ಲಿ ಕೇಳಿದಾಗ ನಾನು ಷೇರುಪೇಟೆಯಿಂದ ಶುರು ಮಾಡಲಿಲ್ಲ. ಲಿಂಬೆಯಿಂದಲೇ ಶುರು ಮಾಡಿದೆ.

ಇಬ್ಬರು ಶರಬತ್ತಿನ ಅಂಗಡಿ ಇಟ್ಟಿದ್ದಾರೆ ಎಂದುಕೊಳ್ಳಿ. ಒಂದು ವಾರ ಲಿಂಬೆ ಹಣ್ಣಿಗೆ 2 ರೂಪಾಯಿ, ಮುಂದಿನ ವಾರ 5 ರೂಪಾಯಿ. ಮೊದಲನೆಯವನು ಪ್ರತಿ ವಾರ ತಪ್ಪದೆ 35 ಹಣ್ಣು ಕೊಳ್ಳುತ್ತಾನೆ. ಎರಡು ವಾರಕ್ಕೆ 70 ಹಣ್ಣು, ಖರ್ಚು 70 ಮತ್ತು 175, ಒಟ್ಟು 245 ರೂಪಾಯಿ. ಹಣ್ಣೊಂದಕ್ಕೆ ಮೂರೂವರೆ ರೂಪಾಯಿ ಬಿತ್ತು. ಎರಡನೆಯವನು ಹಣ್ಣು ಎಣಿಸುವುದಿಲ್ಲ, ರೊಕ್ಕ ಎಣಿಸುತ್ತಾನೆ. ಪ್ರತಿ ವಾರ ನೂರು ರೂಪಾಯಿ ಕೊಟ್ಟು ಬಂದಷ್ಟು ತರುತ್ತಾನೆ. ಮೊದಲ ವಾರ 50 ಹಣ್ಣು, ಎರಡನೇ ವಾರ 20. ಅವನಿಗೂ 70 ಹಣ್ಣೇ ಸಿಕ್ಕವು, ಆದರೆ ಖರ್ಚಾದದ್ದು 200 ರೂಪಾಯಿ. ಹಣ್ಣೊಂದಕ್ಕೆ ಸುಮಾರು 2 ರೂಪಾಯಿ 86 ಪೈಸೆ.

ಎರಡನೆಯವನು ಪೇಟೆಯ ದರ ಊಹಿಸಲಿಲ್ಲ, ಚೌಕಾಸಿ ಮಾಡಲಿಲ್ಲ. ಕೊಡುವ ಹಣವನ್ನು ಮಾತ್ರ ಬದಲಿಸದೆ ಇಟ್ಟ. ಹಣ ಬದಲಾಗದಿದ್ದರೆ ಅಗ್ಗವಾದಾಗ ಹೆಚ್ಚು ವಸ್ತು, ತುಟ್ಟಿಯಾದಾಗ ಕಡಿಮೆ ವಸ್ತು ತಾನಾಗಿಯೇ ಬರುತ್ತದೆ. ಬುಟ್ಟಿಯಲ್ಲಿ ಅಗ್ಗದ ಹಣ್ಣುಗಳ ಪಾಲು ಹೆಚ್ಚಿರುವುದರಿಂದ ಸರಾಸರಿ ಕೆಳಗೆ ಬರುತ್ತದೆ. ‘ರುಪೀ ಕಾಸ್ಟ್ ಆವರೇಜಿಂಗ್’ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ. ಅಮೆರಿಕದ ಬೆಂಜಮಿನ್ ಗ್ರಹಾಂ 1949ರಲ್ಲಿ ಬರೆದ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ ಪುಸ್ತಕದಲ್ಲಿಯೇ ಡಾಲರ್ ಹೆಸರಿನಲ್ಲಿ ಇದರ ಚರ್ಚೆ ಇದೆ. ನಮ್ಮಲ್ಲಿ ಅದು ರೂಪಾಯಿ ಆಯಿತು.

ಯೂನಿಟ್ ಎಂಬ ಹಣ್ಣು

ಮ್ಯೂಚುವಲ್ ಫಂಡ್‌ನಲ್ಲಿ ಹಣ್ಣಿನ ಜಾಗದಲ್ಲಿ ಯೂನಿಟ್ ಇರುತ್ತದೆ. ಫಂಡ್ ಬಳಿ ಇರುವ ಎಲ್ಲ ಷೇರುಗಳ ಅಂದಿನ ಬೆಲೆಯನ್ನು ಕೂಡಿಸಿ, ಅದರಲ್ಲಿ ಖರ್ಚು ಕಳೆದು, ಒಟ್ಟು ಯೂನಿಟ್‌ಗಳಿಂದ ಭಾಗಿಸಿದರೆ ಒಂದು ಯೂನಿಟ್‌ನ ಬೆಲೆ ಬರುತ್ತದೆ. ಅದನ್ನೇ ಎನ್‌ಎವಿ ಎನ್ನುತ್ತಾರೆ. ಷೇರುಪೇಟೆ ಮುಚ್ಚಿದ ಮೇಲೆ ದಿನಕ್ಕೊಮ್ಮೆ ಈ ಲೆಕ್ಕ ಆಗುತ್ತದೆ.

ಎಸ್‌ಐಪಿ ಎಂದರೆ ತಿಂಗಳ ಇಂಥ ತಾರೀಖಿಗೆ ನನ್ನ ಬ್ಯಾಂಕ್ ಖಾತೆಯಿಂದ ಇಷ್ಟು ಹಣ ತೆಗೆದುಕೊಳ್ಳಿ ಎಂದು ಮೊದಲೇ ಕೊಟ್ಟ ಒಪ್ಪಿಗೆ. ಆ ಹಣ ಫಂಡ್‌ನ ಖಾತೆಗೆ ಯಾವ ದಿನ ನಿಗದಿತ ವೇಳೆಯೊಳಗೆ ತಲುಪುತ್ತದೋ ಆ ದಿನದ ಎನ್‌ಎವಿಯಲ್ಲಿ ಯೂನಿಟ್ ಸಿಗುತ್ತವೆ. 2021ರ ಫೆಬ್ರುವರಿಯಿಂದ ಸೆಬಿ ಈ ನಿಯಮವನ್ನು ಸಣ್ಣ ಮೊತ್ತಗಳಿಗೂ ತಂದಿದೆ. ಅಂದರೆ ಐದನೇ ತಾರೀಖು ನಮ್ಮ ಖಾತೆಯಿಂದ ಹಣ ಹೋದರೂ ಅದು ಆರಕ್ಕೆ ತಲುಪಿದರೆ ಆರನೇ ತಾರೀಖಿನ ಬೆಲೆಯೇ ನಮ್ಮದು. ಸಾವಿರ ರೂಪಾಯಿಗೆ ಐದು ಪೈಸೆ ಮುದ್ರಾಂಕ ಶುಲ್ಕ ಕಳೆಯುತ್ತಾರೆ. ಹಣ್ಣನ್ನು ಅರ್ಧ ಕತ್ತರಿಸಿ ಕೊಡಲು ಆಗುವುದಿಲ್ಲ, ಆದರೆ ಯೂನಿಟ್ ಅನ್ನು ದಶಮಾಂಶದ ಮೂರು ಸ್ಥಾನದವರೆಗೆ ಕೊಡುತ್ತಾರೆ. ಹೀಗಾಗಿ ಐದು ನೂರು ರೂಪಾಯಿಯೂ ಪೈಸೆ ಬಿಡದೆ ಯೂನಿಟ್ ಆಗುತ್ತದೆ.

2020ರ ಆರು ತಿಂಗಳು

ಶರಬತ್ತಿನ ಅಂಗಡಿಯ ಲೆಕ್ಕ ಬಾಯಿಮಾತಿಗೆ ಚೆಂದ. ನಿಜವಾದ ಪೇಟೆಯಲ್ಲಿ ಅದು ಎಷ್ಟು ನಿಲ್ಲುತ್ತದೆ ಎಂದು ನೋಡಲು ನಾನು 2020ನ್ನು ಆರಿಸಿಕೊಂಡೆ. ಆಗ ನಾವು ಶಾಲೆಯ ಮಕ್ಕಳು. ಕೊರೊನಾ ಬಂದು ಬಾಗಿಲು ಹಾಕಿಕೊಂಡು ಕೂತದ್ದು ನೆನಪಿದೆ, ಆದರೆ ಷೇರುಪೇಟೆಯಲ್ಲಿ ಏನಾಯಿತು ಎಂಬುದು ಗೊತ್ತಿರಲಿಲ್ಲ. ಮಾರ್ಚ್ 23ರ ಒಂದೇ ದಿನ ನಿಫ್ಟಿ 50 ಸೂಚ್ಯಂಕ ಶೇ 13ರಷ್ಟು ಕುಸಿದು 7,610ಕ್ಕೆ ಬಂದು ನಿಂತಿತ್ತು. ಅದೇ ಜನವರಿಯಲ್ಲಿ ಅದು 12 ಸಾವಿರದ ಮೇಲಿತ್ತು.

ಲೆಕ್ಕ ಸುಲಭವಾಗಲೆಂದು ನಿಫ್ಟಿಯನ್ನು ನೂರರಿಂದ ಭಾಗಿಸಿ, ಅದನ್ನೇ ಒಂದು ಸೂಚ್ಯಂಕ ಫಂಡ್‌ನ ಯೂನಿಟ್ ಬೆಲೆ ಎಂದು ಇಟ್ಟುಕೊಂಡೆ. ಪ್ರತಿ ತಿಂಗಳ ಕೊನೆಯ ವಹಿವಾಟಿನ ದಿನ ಸಾವಿರ ರೂಪಾಯಿ. ಫಂಡ್‌ನ ಖರ್ಚು, ಕಂಪನಿಗಳು ಕೊಡುವ ಲಾಭಾಂಶ ಎರಡನ್ನೂ ಬಿಟ್ಟಿದ್ದೇನೆ.

| 2020 | ಯೂನಿಟ್ ಬೆಲೆ (ರೂ.) | ಸಿಕ್ಕ ಯೂನಿಟ್ |
|---|---|---|
| ಜನವರಿ | 119.62 | 8.360 |
| ಫೆಬ್ರುವರಿ | 112.02 | 8.927 |
| ಮಾರ್ಚ್ | 85.98 | 11.631 |
| ಏಪ್ರಿಲ್ | 98.60 | 10.142 |
| ಮೇ | 95.80 | 10.438 |
| ಜೂನ್ | 103.02 | 9.707 |

ಆರು ಸಾವಿರ ರೂಪಾಯಿಗೆ 59.205 ಯೂನಿಟ್ ಸಿಕ್ಕವು. ಭಾಗಿಸಿದರೆ ಒಂದು ಯೂನಿಟ್‌ಗೆ ನಾವು ಕೊಟ್ಟದ್ದು 101 ರೂಪಾಯಿ 34 ಪೈಸೆ. ಆರು ತಿಂಗಳ ಬೆಲೆಗಳನ್ನು ಕೂಡಿಸಿ ಆರರಿಂದ ಭಾಗಿಸಿದರೆ ಬರುವುದು 102 ರೂಪಾಯಿ 51 ಪೈಸೆ. ಕಂಪ್ಯೂಟರ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಬೆಲೆಗಳನ್ನು B2ರಿಂದ B7ರವರೆಗೆ ಒಂದರ ಕೆಳಗೊಂದು ಬರೆದು ಈ ಎರಡು ಸೂತ್ರ ಹಾಕಿದರೆ ಎರಡೂ ಉತ್ತರ ಸಿಗುತ್ತವೆ:

```
=AVERAGE(B2:B7)
=HARMEAN(B2:B7)
```

ಮೊದಲನೆಯದು ಬೆಲೆಗಳ ಸರಾಸರಿ. ಎರಡನೆಯದು ಹರಾತ್ಮಕ ಮಾಧ್ಯ, ಅದೇ ನಮ್ಮ ಖರೀದಿಯ ಸರಾಸರಿ. ಬೆಲೆ ಒಂದಿಷ್ಟಾದರೂ ಬದಲಾದರೆ ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ಕಡಿಮೆಯೇ ಇರುತ್ತದೆ. ಇದು ಗಣಿತ. ಪೇಟೆ ಏರಿದರೂ ಇಳಿದರೂ ಸುಳ್ಳಾಗದು.

ಆದರೆ ವ್ಯತ್ಯಾಸ ಎಷ್ಟು ನೋಡಿ. ನಮ್ಮ ತಲೆಮಾರು ಕಂಡ ಅತಿ ದೊಡ್ಡ ಕುಸಿತವೊಂದರ ನಡುವೆಯೂ ಅದು ಯೂನಿಟ್‌ಗೆ 1 ರೂಪಾಯಿ 17 ಪೈಸೆ ಮಾತ್ರ, ಶೇ 1ಕ್ಕಿಂತ ತುಸು ಹೆಚ್ಚು. ಪೇಟೆ ಶಾಂತವಾಗಿರುವ ವರ್ಷದಲ್ಲಿ ಇದು ಪೈಸೆಗಳಿಗೆ ಇಳಿಯುತ್ತದೆ. ಲಿಂಬೆಯ ಬೆಲೆ ಎರಡರಿಂದ ಐದಕ್ಕೆ ಜಿಗಿಯುವುದರಿಂದ ಅಲ್ಲಿ ಲಾಭ ದೊಡ್ಡದಾಗಿ ಕಂಡಿತ್ತು. ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ ಅಷ್ಟು ಕುಣಿಯುವುದಿಲ್ಲ. ಆದ್ದರಿಂದ ‘ಎಸ್‌ಐಪಿಯ ಜಾದೂ’ ಎಂದು ಯಾರಾದರೂ ಈ ಗಣಿತವನ್ನೇ ತೋರಿಸಿದರೆ, ಜಾದೂ ಅಲ್ಲಿಲ್ಲ ಎಂದು ತಿಳಿಯಬೇಕು.

ಹಾಗಾದರೆ ಎಲ್ಲಿದೆ? ಜೂನ್ ಕೊನೆಯಲ್ಲಿ ಯೂನಿಟ್ ಬೆಲೆ 103.02. ಜನವರಿಯ ಬೆಲೆಗೆ ಹೋಲಿಸಿದರೆ ಇನ್ನೂ ಶೇ 14ರಷ್ಟು ಕೆಳಗೆ. ಜನವರಿ ಕೊನೆಗೆ ಆರು ಸಾವಿರವನ್ನೂ ಒಮ್ಮೆಗೇ ಹಾಕಿದ್ದವರ ಹಣ 5,167 ರೂಪಾಯಿ ಆಗಿತ್ತು. ತಿಂಗಳಿಗೆ ಸಾವಿರದಂತೆ ಹಾಕಿದವರ ಹಣ 6,099. ಪೇಟೆ ಹೊರಟ ಜಾಗಕ್ಕೆ ಮರಳದೆಯೇ ಇವರು ನಷ್ಟದಿಂದ ಹೊರಗೆ ಬಂದಿದ್ದರು. ಏಕೆಂದರೆ ಅವರು ದಾಟಬೇಕಿದ್ದ ಗೆರೆ 119 ರೂಪಾಯಿಯಲ್ಲ, 101 ರೂಪಾಯಿ. ಪ್ರತಿ ಅಗ್ಗದ ಕಂತು ಆ ಗೆರೆಯನ್ನು ಸ್ವಲ್ಪ ಸ್ವಲ್ಪ ಕೆಳಕ್ಕೆ ಎಳೆದು ತಂದಿತ್ತು. ಸರಾಸರಿಯ ನಿಜವಾದ ಕೆಲಸ ಇದು: ಎಲ್ಲ ಹಣವನ್ನೂ ಒಂದೇ ದಿನದ ಬೆಲೆಗೆ ಒತ್ತೆ ಇಡುವುದನ್ನು ಅದು ತಪ್ಪಿಸುತ್ತದೆ.

ನಿಲ್ಲಿಸಿದವರ ಲೆಕ್ಕ

ಈ ಆರು ತಿಂಗಳನ್ನು ಹೊರಗಿನಿಂದ ನೋಡುವುದು ಸುಲಭ. ಒಳಗಿದ್ದವರಿಗೆ ಮೊಬೈಲ್‌ನಲ್ಲಿ ಕಾಣುತ್ತಿದ್ದದ್ದು ಬೇರೆ. ಫೆಬ್ರುವರಿ ಕೊನೆಗೆ ಹಾಕಿದ 2,000 ರೂಪಾಯಿ 1,936 ಆಗಿತ್ತು. ಮಾರ್ಚ್ ಕೊನೆಗೆ ಹಾಕಿದ 3,000 ರೂಪಾಯಿ 2,486. ಏಪ್ರಿಲ್‌ನಲ್ಲಿ 4,000ಕ್ಕೆ 3,851, ಮೇನಲ್ಲಿ 5,000ಕ್ಕೆ 4,742. ಸತತ ನಾಲ್ಕು ತಿಂಗಳು ಕೆಂಪು ಅಕ್ಷರ. ಜೂನ್‌ನಲ್ಲಿ ಮೊದಲ ಬಾರಿಗೆ ಹಸಿರು.

ಈಗ ಫೆಬ್ರುವರಿ ಕಂತು ಕಟ್ಟಿ, ಮಾರ್ಚ್‌ನ ಸುದ್ದಿ ನೋಡಿ ಹೆದರಿ, ‘ಪೇಟೆ ಸರಿಹೋದ ಮೇಲೆ ನೋಡೋಣ’ ಎಂದು ಎಸ್‌ಐಪಿ ನಿಲ್ಲಿಸಿದವರನ್ನು ನೆನೆಯಿರಿ. ಅವರ ಬಳಿ ಇದ್ದದ್ದು 17.287 ಯೂನಿಟ್, ಸರಾಸರಿ ಬೆಲೆ 115 ರೂಪಾಯಿ 69 ಪೈಸೆ. ಜೂನ್ ಕೊನೆಗೂ ಅವರ 2,000 ರೂಪಾಯಿ 1,781 ಆಗಿಯೇ ಇತ್ತು. ಅದೇ ಫಂಡ್, ಅದೇ ಪೇಟೆ, ಅದೇ ಆರಂಭದ ದಿನ. ಒಬ್ಬರಿಗೆ ಲಾಭ, ಒಬ್ಬರಿಗೆ ನಷ್ಟ. ವ್ಯತ್ಯಾಸ ತಂದದ್ದು ಮಾರ್ಚ್, ಏಪ್ರಿಲ್, ಮೇ ತಿಂಗಳ ಮೂರು ಕಂತುಗಳು. ಬೆಲೆ ಏರಿದಾಗ ಕಟ್ಟಿ ಇಳಿದಾಗ ನಿಲ್ಲಿಸುವವರಿಗೆ ಸರಾಸರಿ ತಿರುಗಿ ಬೀಳುತ್ತದೆ. ಅವರ ಬುಟ್ಟಿಯಲ್ಲಿ ತುಟ್ಟಿಯ ಹಣ್ಣುಗಳೇ ಉಳಿಯುತ್ತವೆ.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಕಾಕಾ ನಡುವೆ ಬಾಯಿ ಹಾಕಿದರು. ಅವರಿಗೆ ನಾಲ್ಕು ಎಕರೆಯಲ್ಲಿ ಲಿಂಬೆ ಇದೆ.

‘ಬಿದ್ದಾಗ ಜಾಸ್ತಿ ಬರ್ತಾವ ಅಂತಿ. ಹಂಗಾದ್ರ ಬೀಳೂತನಕ ಸುಮ್ಮ ಕುಂತು, ಬಿದ್ದ ಮ್ಯಾಲ ಎಲ್ಲಾ ರೊಕ್ಕ ಹಾಕಿದ್ರ ಆತಲ್ಲ ತಮ್ಮಾ?’

‘ಬೀಳೂದು ಮುಗೀತು ಅಂತ ಯಾರು ಹೇಳ್ತಾರ್ರೀ ಕಾಕಾ?’ ಎಂದೆ. ‘ಲಿಂಬಿ ದರ ಇನ್ನಾ ಏರ್ತದ ಅಂತ ನೀವ ಎಷ್ಟ ಸಲ ಗಿಡದಾಗ ಬಿಟ್ಟೀರಿ?’

ಅವರು ನಕ್ಕರು. ನನ್ನ ಮಾತಿಗೂ ಲೆಕ್ಕದ ಆಧಾರವಿತ್ತು. ಮಾರ್ಚ್ ಕೊನೆಗೆ 85.98 ಇದ್ದ ಬೆಲೆ ಏಪ್ರಿಲ್‌ನಲ್ಲಿ ಏರಿತು, ಮೇನಲ್ಲಿ ಮತ್ತೆ ಇಳಿಯಿತು. ಮೇ ಇಳಿತ ಕಂಡವರು ಇನ್ನೊಂದು ಮಾರ್ಚ್ ಬರುತ್ತದೆ ಎಂದು ಕಾದಿರಬಹುದು. ಅದು ಬರಲಿಲ್ಲ. ವರ್ಷದ ಕೊನೆಗೆ ನಮ್ಮ ಯೂನಿಟ್ ಬೆಲೆ 139.82 ಮುಟ್ಟಿತ್ತು.

ಏರುವ ಪೇಟೆಯಲ್ಲಿ ಸರಾಸರಿ ಸೋಲುತ್ತದೆ

ಕಾಕಾ ಮುಂದಿನ ಪ್ರಶ್ನೆಯಲ್ಲಿ ನಿಜಕ್ಕೂ ಪಾಯಿಂಟ್ ಇತ್ತು. ‘ಪಗಾರ ಬರೂ ಮಂದಿಗೆ ತಿಂಗಳಿಗಿಷ್ಟು ಸರಿ. ನಮಗ ರೊಕ್ಕ ಬರೂದು ಒಮ್ಮೆಲೇ. ಅದನ್ನ ಹಿಡಕೊಂಡು ತಿಂಗಳಿಗಿಷ್ಟಿಷ್ಟು ಹಾಕೂದ್ರಾಗ ಏನು ಫಾಯದೆ?’

ಎಸ್‌ಐಪಿ ಕುರಿತ ಬಹುಪಾಲು ಮಾತುಗಳು ಸಂಬಳದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅವರ ಬಳಿ ಒಮ್ಮೆಗೇ ಹಾಕಲು ದೊಡ್ಡ ಮೊತ್ತ ಇರುವುದೇ ಇಲ್ಲ. ಸಂಬಳ ಬಂದಂತೆ ಹಾಕುತ್ತಾರೆ, ಅಷ್ಟೆ. ಕೈಯಲ್ಲಿ ಆಗಲೇ ಹಣ ಇರುವವರಿಗೆ ಲೆಕ್ಕ ಬೇರೆ. ಅದೇ ಆರು ಸಾವಿರ, ಅದೇ ವರ್ಷ, ಆದರೆ ಜೂನ್ ಕೊನೆಯಿಂದ ಶುರು ಮಾಡಿ ನವೆಂಬರ್‌ವರೆಗೆ ತಿಂಗಳಿಗೆ ಸಾವಿರದಂತೆ ಹಾಕಿದರೆ ಏನಾಗುತ್ತಿತ್ತು ಎಂದು ನೋಡಿದೆ. ಆ ತಿಂಗಳುಗಳ ಬೆಲೆ 103.02, 110.73, 113.88, 112.48, 116.42, 129.69. ಸಿಕ್ಕ ಯೂನಿಟ್ 52.710. ಡಿಸೆಂಬರ್ ಕೊನೆಗೆ ಅದರ ಬೆಲೆ 7,370 ರೂಪಾಯಿ. ಜೂನ್ ಕೊನೆಗೇ ಎಲ್ಲ ಹಾಕಿದ್ದರೆ 8,143 ರೂಪಾಯಿ.

ಏರುತ್ತಿರುವ ಪೇಟೆಯಲ್ಲಿ ಮುಂದಿನ ಕಂತು ಎಂದರೆ ಹೆಚ್ಚಿನ ಬೆಲೆ. ಕಾದಷ್ಟೂ ಕಡಿಮೆ ಯೂನಿಟ್. ದೀರ್ಘಾವಧಿಯಲ್ಲಿ ಷೇರುಗಳು ಇಳಿಯುವುದಕ್ಕಿಂತ ಏರುವುದೇ ಹೆಚ್ಚು ಎಂದು ನಂಬಿಯೇ ನಾವು ಅಲ್ಲಿಗೆ ಹೋಗುತ್ತೇವೆ. ಹಾಗೆ ನಂಬಿದ ಮೇಲೆ, ಕೈಯಲ್ಲಿರುವ ಹಣವನ್ನು ಹಂಚಿ ಹಂಚಿ ಹಾಕುವುದು ಲಾಭ ಹೆಚ್ಚಿಸುವ ಉಪಾಯ ಎನ್ನಲು ಬರುವುದಿಲ್ಲ. ಅದು ಜನವರಿಯಂಥ ತಿಂಗಳಲ್ಲಿ ಎಲ್ಲವನ್ನೂ ಹಾಕಿಬಿಡುವ ಅಪಾಯಕ್ಕೆ ನಾವು ಕಟ್ಟುವ ವಿಮೆ. ಜೂನ್‌ನ ಲೆಕ್ಕದಲ್ಲಿ ಕಡಿಮೆಯಾದ 773 ರೂಪಾಯಿ ಆ ವಿಮೆಯ ಕಂತು. ಜನವರಿಯ ಲೆಕ್ಕದಲ್ಲಿ ಉಳಿದ 932 ರೂಪಾಯಿ ಆ ವಿಮೆ ಕೊಟ್ಟ ಪರಿಹಾರ. ಯಾವುದು ಬರುತ್ತದೆ ಎಂದು ಮೊದಲೇ ತಿಳಿಯದ ಕಾರಣಕ್ಕೇ ವಿಮೆ.

ಕಾಕಾ ಕೈಗೆ ಲಿಂಬೆಯ ಸುಗ್ಗಿಯಲ್ಲಿ ಬಂದದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ನಾವಿಬ್ಬರೂ ಕೂತು ಮೊದಲು ಅದನ್ನು ಎರಡು ಮಾಡಿದೆವು. ಮುಂಗಾರಿಗೆ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಫೀ ಎಂದು ಅರವತ್ತು ಸಾವಿರ ಬ್ಯಾಂಕಿನಲ್ಲಿಯೇ ಉಳಿಯಿತು. ಒಂದೆರಡು ವರ್ಷದೊಳಗೆ ಬೇಕಾಗುವ ಹಣವನ್ನು ಯಾವ ಸರಾಸರಿಯೂ ಕಾಪಾಡುವುದಿಲ್ಲ. ಮಾರ್ಚ್ 2020ರಲ್ಲಿ ಬಿತ್ತನೆ ಬೀಜಕ್ಕೆ ಯೂನಿಟ್ ಮಾರಬೇಕಾಗಿ ಬಂದಿದ್ದರೆ ಅವರಿಗೆ ಜೂನ್ ನೋಡುವ ಅವಕಾಶವೇ ಇರುತ್ತಿರಲಿಲ್ಲ. ಏಳೆಂಟು ವರ್ಷ ಮುಟ್ಟಬೇಕಿಲ್ಲದ ಉಳಿದ ಅರವತ್ತು ಸಾವಿರಕ್ಕೆ ಎರಡು ದಾರಿ ಇದ್ದವು. ಖಾತೆಯಲ್ಲಿಯೇ ಇಟ್ಟು ತಿಂಗಳಿಗೆ ಐದು ಸಾವಿರದ ಎಸ್‌ಐಪಿ ಮಾಡುವುದು ಒಂದು. ಲಿಕ್ವಿಡ್ ಫಂಡ್‌ನಲ್ಲಿ ಒಮ್ಮೆಗೇ ಹಾಕಿ, ಅಲ್ಲಿಂದ ತಿಂಗಳು ತಿಂಗಳು ಅದೇ ಸಂಸ್ಥೆಯ ಷೇರು ಫಂಡ್‌ಗೆ ವರ್ಗಾಯಿಸುವುದು ಇನ್ನೊಂದು. ಇದಕ್ಕೆ ಎಸ್‌ಟಿಪಿ ಎಂದು ಹೆಸರು.

ಮೊದಲ ದಾರಿಯಲ್ಲಿ ಕಾಕಾಗೆ ಹಿಂದೆ ಒಂದು ಪೆಟ್ಟು ಬಿದ್ದಿತ್ತು. ಸಣ್ಣ ಎಸ್‌ಐಪಿ ಒಂದನ್ನು ಮಾಡಿದ್ದರು. ಫಸಲಿಲ್ಲದ ತಿಂಗಳುಗಳಲ್ಲಿ ಖಾತೆ ಖಾಲಿ. ಕಂತು ಹೋಗದಿದ್ದಕ್ಕೆ ಫಂಡ್‌ನವರು ದಂಡ ಹಾಕಲಿಲ್ಲ, ಆದರೆ ಬ್ಯಾಂಕ್ ಪ್ರತಿ ಸಲ ಶುಲ್ಕ ಕಡಿಯಿತು. ತಿಂಗಳ ಎಸ್‌ಐಪಿಯಲ್ಲಿ ಸತತ ಮೂರು ಕಂತು ತಪ್ಪಿದರೆ ಅದು ರದ್ದಾಗುತ್ತದೆ, ಅವರದ್ದೂ ಹಾಗೆಯೇ ಆಯಿತು. ಐದು ನೂರರ ಕಂತಿನಲ್ಲಿ ಸರಾಸರಿಯಿಂದ ಉಳಿಯುವುದು ಐದಾರು ರೂಪಾಯಿಯಾದರೆ, ಒಂದು ಸಲ ಕಂತು ತಪ್ಪಿದಾಗ ಬ್ಯಾಂಕ್ ಕಡಿಯುವ ಶುಲ್ಕ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಖಾತೆಯಲ್ಲಿ ಹಣ ಇದ್ದರೆ ಕೈ ಅದರತ್ತ ಹೋಗುತ್ತದೆ ಎಂದು ಅವರೇ ಹೇಳಿ ಎಸ್‌ಟಿಪಿ ಒಪ್ಪಿಕೊಂಡರು. ಅಲ್ಲಿ ಪ್ರತಿ ವರ್ಗಾವಣೆಯೂ ತೆರಿಗೆಯ ದೃಷ್ಟಿಯಲ್ಲಿ ಒಂದು ಮಾರಾಟ ಎಂಬುದನ್ನೂ ಹೇಳಿದೆ. ಅವಧಿ ಹನ್ನೆರಡು ತಿಂಗಳು. ಅದಕ್ಕಿಂತ ಉದ್ದ ಎಳೆದರೆ ವಿಮೆಯ ಕಂತು ಹೆಚ್ಚುತ್ತದೆಯೇ ಹೊರತು ಬೇರೇನೂ ಆಗದು.

ಸರಾಸರಿ ಕಾಪಾಡದ ಎರಡು ಜಾಗ

ಬೆಲೆ ಇಳಿಯುತ್ತಲೇ ಹೋದರೆ ಸರಾಸರಿಗೆ ಏನೂ ಮಾಡಲಾಗದು. 100, 80, 60, 40 ಎಂದು ನಾಲ್ಕು ತಿಂಗಳು ಇಳಿದ ಒಂದು ಫಂಡ್ ಊಹಿಸಿ. ತಿಂಗಳಿಗೆ ಸಾವಿರದಂತೆ ಹಾಕಿದರೆ 64.167 ಯೂನಿಟ್, ಸರಾಸರಿ 62 ರೂಪಾಯಿ 34 ಪೈಸೆ. ಬೆಲೆಗಳ ಸರಾಸರಿ 70. ಗಣಿತ ಗೆದ್ದಿದೆ, ಅದೂ ದೊಡ್ಡ ಅಂತರದಿಂದ. ಆದರೆ ನಾಲ್ಕು ಸಾವಿರ ರೂಪಾಯಿ 2,567 ಆಗಿದೆ. ಸರಾಸರಿಗಿಂತ ಅಗ್ಗವಾಗಿ ಕೊಂಡೆ ಎನ್ನುವುದೂ ಲಾಭ ಬಂತು ಎನ್ನುವುದೂ ಎರಡು ಬೇರೆ ಮಾತು. ಬೆಲೆ ಮರಳಿ ಮೇಲೆ ಬಂದರೆ ಮಾತ್ರ ಮೊದಲನೆಯದು ಎರಡನೆಯದಾಗುತ್ತದೆ. 1989ರ ಡಿಸೆಂಬರ್‌ನಲ್ಲಿ 38,915ರ ಶಿಖರ ಮುಟ್ಟಿದ ಜಪಾನಿನ ನಿಕ್ಕೈ ಸೂಚ್ಯಂಕ ಆ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಒಂದು ದೇಶದ ಇಡೀ ಸೂಚ್ಯಂಕಕ್ಕೇ ಹೀಗಾಗಬಹುದಾದರೆ, ಒಂದೇ ವಲಯದ ಷೇರುಗಳಿರುವ ಫಂಡ್ ಅಥವಾ ಒಂದೇ ಕಂಪನಿಯ ಷೇರನ್ನು ‘ಸರಾಸರಿ ಮಾಡುತ್ತಿದ್ದೇನೆ’ ಎಂದು ಇಳಿಯುತ್ತಿರುವಾಗ ಕೊಳ್ಳುತ್ತಲೇ ಹೋಗುವುದರ ಅಪಾಯ ಊಹಿಸಬಹುದು. ಫಂಡ್ ಸುಮ್ಮನೆ ಪೇಟೆಯ ಜೊತೆ ಬೀಳುತ್ತಿದೆಯೋ ತಾನೇ ಕೆಟ್ಟಿದೆಯೋ ಎಂದು ತಿಳಿಯಲು ಅದನ್ನು ಅದರ ಸೂಚ್ಯಂಕದ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಒಟ್ಟಿಗೆ ಬಿದ್ದರೆ ಒಂದು ಕಥೆ. ಸೂಚ್ಯಂಕ ಎದ್ದ ಮೇಲೂ ಫಂಡ್ ವರ್ಷಗಟ್ಟಲೆ ಮಲಗಿದ್ದರೆ ಇನ್ನೊಂದು ಕಥೆ. ಅಂಥಲ್ಲಿ ಕಂತು ಮುಂದುವರಿಸುವುದರಲ್ಲಿ ಶಿಸ್ತೇನೂ ಇಲ್ಲ.

ಎರಡನೆಯ ಜಾಗ ಬಹಳ ಜನರಿಗೆ ಕಾಣುವುದಿಲ್ಲ, ನನಗೂ ಲೆಕ್ಕ ಬರೆದ ಮೇಲೆಯೇ ಕಂಡದ್ದು. ಸರಾಸರಿಯ ಬಲ ವರ್ಷ ಕಳೆದಂತೆ ಕುಗ್ಗುತ್ತದೆ. ಒಂದೇ ಕಂತು ಕಟ್ಟಿದ್ದೀರಿ, ಸಾವಿರ ರೂಪಾಯಿ ಇದೆ, ಪೇಟೆ ಶೇ 30 ಬಿತ್ತು ಎಂದುಕೊಳ್ಳಿ. ನಷ್ಟ 300 ರೂಪಾಯಿ. ಮುಂದಿನ ಸಾವಿರಕ್ಕೆ ಹಳೆಯ ಬೆಲೆಯಲ್ಲಿ ಸುಮಾರು 1,429 ರೂಪಾಯಿಯಷ್ಟು ಯೂನಿಟ್ ಸಿಗುತ್ತವೆ, ಅಂದರೆ 429 ರೂಪಾಯಿಯ ಅನುಕೂಲ. ಬಿದ್ದದ್ದೇ ಒಳ್ಳೆಯದಾಯಿತು ಎನ್ನಬಹುದು. ಈಗ ಹತ್ತು ವರ್ಷ ಕಟ್ಟಿ ಎರಡು ಲಕ್ಷ ಸೇರಿದೆ ಎಂದುಕೊಳ್ಳಿ. ಅದೇ ಶೇ 30 ಬಿದ್ದರೆ ನಷ್ಟ ಅರವತ್ತು ಸಾವಿರ. ಮುಂದಿನ ಕಂತಿನ ಅನುಕೂಲ ಆಗಲೂ ಅದೇ 429 ರೂಪಾಯಿ. ದೊಡ್ಡ ಕೆರೆಗೆ ಒಂದು ಕೊಡ ನೀರು ಸುರಿದಂತೆ. ಹಳೆಯ ಎಸ್‌ಐಪಿಯಲ್ಲಿ ಹಣ ಎಷ್ಟಾಗುತ್ತದೆ ಎಂಬುದನ್ನು ಕಂತುಗಳು ನಿರ್ಧರಿಸುವುದಿಲ್ಲ, ಸೇರಿರುವ ರಾಶಿ ನಿರ್ಧರಿಸುತ್ತದೆ. ಅದಕ್ಕೇ ಮಗಳ ಮದುವೆಗೋ ಮನೆಗೋ ಹಣ ಬೇಕಾಗುವ ದಿನ ಎರಡು ಮೂರು ವರ್ಷ ದೂರವಿರುವಾಗಲೇ ರಾಶಿಯನ್ನು ಸ್ವಲ್ಪ ಸ್ವಲ್ಪವಾಗಿ ಷೇರು ಫಂಡ್‌ನಿಂದ ಸುರಕ್ಷಿತ ಜಾಗಕ್ಕೆ ಸಾಗಿಸುತ್ತಾರೆ. ಕೊಳ್ಳುವಾಗ ಒಂದೇ ದಿನದ ಬೆಲೆಯನ್ನು ನೆಚ್ಚಿಕೊಳ್ಳದವರು ಮಾರುವಾಗಲೂ ನೆಚ್ಚಿಕೊಳ್ಳಬಾರದು ಎಂಬುದೇ ಅದರ ಹಿಂದಿನ ತರ್ಕ.

ನನ್ನ ತರಗತಿಯಲ್ಲಿ ಈಗ ಐದಾರು ಜನ ತಿಂಗಳಿಗೆ ಐದು ನೂರರ ಎಸ್‌ಐಪಿ ಇಟ್ಟಿದ್ದಾರೆ. ಆ್ಯಪ್ ತೆರೆದ ಕೂಡಲೇ ಅವರು ನೋಡುವುದು ಹಸಿರೋ ಕೆಂಪೋ ಎಂಬುದನ್ನು. ಆ ಬಣ್ಣದ ಬದಲು ಎರಡು ಸಂಖ್ಯೆ ನೋಡಬಹುದು. ಸ್ಟೇಟ್‌ಮೆಂಟ್‌ನಲ್ಲಿ ಹಾಕಿದ ಒಟ್ಟು ಹಣವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಿದರೆ ನಮ್ಮ ಸರಾಸರಿ ಬೆಲೆ ಬರುತ್ತದೆ. ಅದರ ಪಕ್ಕದಲ್ಲಿ ಇಂದಿನ ಎನ್‌ಎವಿ ಇಡಿ. ಎನ್‌ಎವಿ ಕೆಳಗಿದ್ದರೆ ಮುಂದಿನ ಕಂತು ಸರಾಸರಿಯನ್ನು ಕೆಳಗೆ ಎಳೆಯುತ್ತದೆ, ಮೇಲಿದ್ದರೆ ಮೇಲಕ್ಕೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂಬುದು ಇದುವರೆಗೆ ಎಷ್ಟು ಯೂನಿಟ್ ಸೇರಿವೆ ಎಂಬುದರ ಮೇಲೆ ನಿಂತಿದೆ. ಮೂರನೇ ತಿಂಗಳಲ್ಲಿ ಅದು ರೂಪಾಯಿಗಳಲ್ಲಿ ಕಾಣುತ್ತದೆ, ಹತ್ತನೇ ವರ್ಷದಲ್ಲಿ ಪೈಸೆಗಳಲ್ಲಿ.